ಕೆಂಪು ಶಾಯಿಯ ಕೆಳಗಿನ ಕಾಗದ

ಸುವರ್ಣ ಮಹೋತ್ಸವದ ಪ್ರದರ್ಶನಕ್ಕೆ ಹಳೆಯ ದಾಖಲೆಗಳನ್ನು ಹುಡುಕಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ, ನಿವೃತ್ತನಾಗಿ ಮನೆಯಲ್ಲಿದ್ದ ನನಗೆ ಕೆಲಸ ಸಿಕ್ಕಿತೆಂದು ಸಂತೋಷವಾಯಿತು. ಎರಡು ದಿನ ಕಬ್ಬಿಣದ ಬೀರುವಿನ ಧೂಳು ಕುಡಿದೆ. ದಾಖಲಾತಿ ಪುಸ್ತಕಗಳು, ಹಾಜರಿ ಪುಸ್ತಕಗಳು, ಗೆದ್ದಲು ತಿಂದ ಎರಡು ಭೂಪಟಗಳು, ಯಾವುದೋ ವರ್ಷದ ಕಬಡ್ಡಿ ತಂಡದ ಚಿತ್ರ. ಇವುಗಳ ನಡುವೆ 'ಇತರೆ' ಎಂದು ಬರೆದ ಒಂದು ಕಡತವಿತ್ತು. ಅದರೊಳಗೆ ನಾಲ್ಕಾಗಿ ಮಡಿಸಿದ ಗೆರೆ ಹಾಳೆ. ಬಿಡಿಸಿ ನೋಡಿದರೆ ನನ್ನದೇ ಕೈಬರಹ ಕೆಂಪು ಶಾಯಿಯಲ್ಲಿ. ಅದರ ಕೆಳಗೆ ಮಕ್ಕಳ ಕೈಬರಹ ನೀಲಿ ಶಾಯಿಯಲ್ಲಿ.

ಅದೊಂದು ಕೃತಜ್ಞತೆಯ ಕಾಗದದ ಕರಡು. ಇಪ್ಪತ್ತು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ನಮ್ಮ ಶಾಲೆಗೆ ಬಂದು ಇಂಗ್ಲಿಷ್ ಮಾತನಾಡುವುದನ್ನು ಕಲಿಸಿಹೋದ ಒಬ್ಬ ಸ್ವಯಂಸೇವಕಿಗೆ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಬರೆದದ್ದು. ಅವರ ಒಪ್ಪಿಗೆ ಕೇಳಲು ನನ್ನ ಹತ್ತಿರ ವಿಳಾಸವಿಲ್ಲವಾದ್ದರಿಂದ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಅವರನ್ನು 'ಅಕ್ಕ' ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಶಾಲೆಯ ಐವತ್ತು ವರ್ಷದ ಚರಿತ್ರೆಯಲ್ಲಿ ಕಟ್ಟಡ, ಫಲಿತಾಂಶ, ದಾನಿಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ಈ ಒಂದು ಹಾಳೆಯಲ್ಲಿ ಇರುವ ಚರಿತ್ರೆಯನ್ನು ಬರೆಯಲು ನಾನು ಒಪ್ಪಿಕೊಂಡೆ, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಒಂದಿದೆ.

ಕಾಗದಕ್ಕೆ ಬರುವ ಮೊದಲು ನಮ್ಮ ಮಕ್ಕಳ ನಾಲಿಗೆಯ ವಿಷಯ ಹೇಳಬೇಕು. ಊರಿನವರಿಗೆ ಗೊತ್ತಿರುವುದೇ, ಆದರೂ ಹೊರಗಿನಿಂದ ಓದುವವರಿಗಾಗಿ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಮಾಲೂರು ಕಡೆ ಹೋದರೆ ತಮಿಳೂ ಕಿವಿಗೆ ಬೀಳುತ್ತದೆ. ಸಂತೆಯಲ್ಲಿ ಉರ್ದು. ಶಾಲೆಯಲ್ಲಿ ಕನ್ನಡ. ನಮ್ಮ ಮಗು ಒಂದನೇ ತರಗತಿಗೆ ಬಂದ ದಿನವೇ ಒಂದು ಹೊಸ ಭಾಷೆಯೊಳಗೆ ಕಾಲಿಡುತ್ತದೆ, ಆ ಭಾಷೆ ಕನ್ನಡ. ಇದು ಇಂದು ನಿನ್ನೆಯ ಮಾತಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕನ್ನಡದಲ್ಲಿ ಬರೆದು, ಜ್ಞಾನಪೀಠ ಪಡೆದರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ ಪರೀಕ್ಷೆ ದಾಟಲಿಲ್ಲ, ಆದರೂ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು. ಈ ಇಬ್ಬರ ಹೆಸರನ್ನು ನಾವು ಪ್ರತಿ ರಾಜ್ಯೋತ್ಸವದಲ್ಲೂ ಹೇಳಿಸುತ್ತೇವೆ. ಪರೀಕ್ಷೆ ದಾಟದವರು ಹೇಗೆ ಇಂಗ್ಲಿಷ್ ಕಲಿತರು ಎಂದು ಮಾತ್ರ ಮಕ್ಕಳು ಕೇಳಿದ್ದಿಲ್ಲ, ನಾವು ಹೇಳಿದ್ದೂ ಇಲ್ಲ.

ಜಿಲ್ಲೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತಿದ್ದ ಜಾಗಗಳು ಕೆಲವೇ. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನ ಆಸ್ಪತ್ರೆ ಮತ್ತು ಶಾಲೆ; ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯವರ ಕಾಲದಿಂದ ಬಂದ ಆಂಗ್ಲೋ ಇಂಡಿಯನ್ ಬೀದಿಗಳು. 2001ರಲ್ಲಿ ಗಣಿಯೂ ಮುಚ್ಚಿತು. ಹೊರದೇಶದ ಸ್ವಯಂಸೇವಕರು ಹಳ್ಳಿಗೆ ಬಂದದ್ದೂ ಉಂಟು. 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ಯುವಕ ಯುವತಿಯರು ಭಾರತದಲ್ಲಿ ಕೆಲಸ ಮಾಡಿದರು. ಆಗಿನ ಮೈಸೂರು ರಾಜ್ಯಕ್ಕೆ ಬಂದವರಿಗೆ ಕನ್ನಡದ ತರಬೇತಿ ಕೊಟ್ಟು ಕಳಿಸುತ್ತಿದ್ದರು. ನಮ್ಮ ಶಾಲೆ ಹುಟ್ಟುವ ಹೊತ್ತಿಗೆ ಆ ಕಾಲ ಮುಗಿಯುತ್ತ ಬಂದಿತ್ತು. ಹಾಗಾಗಿ ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಂದರೆ ಪಠ್ಯಪುಸ್ತಕ ಮತ್ತು ನಾನು.

ನಾನು ಹೇಗೆ ಕಲಿಸುತ್ತಿದ್ದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗುತ್ತಾ ಹೇಳುತ್ತಾರೆ. ಪಾಠದ ಒಂದು ವಾಕ್ಯ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಹಿಂದಿನ ಬೆಂಚಿನವರಿಗೆ ತೆಲುಗಿನಲ್ಲಿ ಇನ್ನೊಮ್ಮೆ ಹೇಳುವುದು, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆಯುವುದು, ಉರು ಹೊಡೆಸುವುದು. ಆಗ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಒಂದನೇ ತರಗತಿಯಿಂದ ಬಂದದ್ದು 2007ರಲ್ಲಿ. ಎಂಟಕ್ಕೆ ಬಂದ ಮಗು ಮೂರು ವರ್ಷ ಓದಿ ಬಂದಿರುತ್ತಿತ್ತು, ದೊಡ್ಡಕ್ಷರ ಚಿಕ್ಕಕ್ಷರ ಇನ್ನೂ ಕಲಸಿಕೊಂಡಿರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಮಾತನಾಡುವುದಕ್ಕೆ ಒಂದು ಅಂಕವೂ ಇರಲಿಲ್ಲ. ಮೂವತ್ತೈದು ಬರಿಸುವುದು ನನ್ನ ಜವಾಬ್ದಾರಿಯಾಗಿತ್ತು; ನನ್ನ ಮಟ್ಟಿಗೆ ನಾನು ಅದನ್ನು ಮಾಡಿದ್ದೇನೆ.

ಅಕ್ಕ ಬಂದದ್ದು ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದು ರಜೆ ಕೊಟ್ಟ ಮೇಲೆ. ಅಜ್ಜ ಮಾಲೂರು ಕಡೆಯವರು, ತಂದೆ ಹೊರದೇಶಕ್ಕೆ ಹೋಗಿ ಅಲ್ಲೇ ನಿಂತವರು. ಹುಡುಗಿ ಅಲ್ಲೇ ಹುಟ್ಟಿ ಬೆಳೆದು ಕಾಲೇಜು ಓದುತ್ತಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಮಾತು ತೊದಲು. ತೆಲುಗು ಒಂದಕ್ಷರ ಬಾರದು. ಊರಿನ ಒಬ್ಬ ಹಿರಿಯರ ಮನೆಯಲ್ಲಿ ಇಳಿಸಿದೆವು. ಬೆಳಿಗ್ಗೆ ಏಳಕ್ಕೆ ತರಗತಿ ಎಂದು ಆಕೆ ಹೇಳಿದಾಗ ನಾನು ನಕ್ಕೆ. ಏಳಕ್ಕೆ ನಮ್ಮ ಮಕ್ಕಳು ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿರುತ್ತಾರೆ. ಎಂಟೂವರೆಯಿಂದ ಹತ್ತೂವರೆ ಎಂದು ತೀರ್ಮಾನವಾಯಿತು. ಮೊದಲ ದಿನ ನಲವತ್ತೊಂದು ಮಕ್ಕಳು ಬಂದರು. ಹೊಸಬರನ್ನು ನೋಡಲು ಬಂದವರೇ ಹೆಚ್ಚು.

ಮೊದಲ ದಿನ ನಾನು ಹಿಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. 'ವಾಟ್ ಈಸ್ ಯುವರ್ ನೇಮ್' ಎಂದು ಕೇಳಿದರು. ಎಲ್ಲರೂ ಚೆನ್ನಾಗಿ ಹೇಳಿದರು. ನನಗೆ ಹೆಮ್ಮೆ. ಆಮೇಲೆ ಒಬ್ಬ ಹುಡುಗನನ್ನು 'ವಾಟ್ ಡಸ್ ಯುವರ್ ಫಾದರ್ ಡೂ' ಎಂದರು. ಅವನು ಎದೆಯುಬ್ಬಿಸಿ ತಂದೆಯ ಹೆಸರು ಹೇಳಿದ. ಇನ್ನೊಬ್ಬಳನ್ನು 'ವೇರ್ ಡೂ ಯು ಲಿವ್' ಎಂದರು. ಅವಳು ತಾನು ಯಾವ ತರಗತಿ ಎಂದು ಹೇಳಿದಳು. ಆಗ ನನಗೆ ಹೊಳೆಯಿತು. ಇನ್‌ಸ್ಪೆಕ್ಟರ್ ಬಂದಾಗ ಕೇಳುವ ಪ್ರಶ್ನೆಗಳನ್ನು ನಾನು ಒಂದು ಕ್ರಮದಲ್ಲಿ ಉರು ಹೊಡೆಸಿದ್ದೆ: ಹೆಸರು, ತಂದೆಯ ಹೆಸರು, ತರಗತಿ, ಶಾಲೆ, ಊರು, ತಂದೆಯ ಕೆಲಸ. ಮಕ್ಕಳು ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ, ಎಷ್ಟನೆಯ ಪ್ರಶ್ನೆ ಎಂದು ಎಣಿಸುತ್ತಿದ್ದರು. ಅಕ್ಕ ಕ್ರಮ ತಪ್ಪಿಸಿದ್ದೇ ತಡ, ಇಡೀ ತರಗತಿ ಹಳಿ ತಪ್ಪಿತು. ಈ ರೋಗವನ್ನು ಪತ್ತೆ ಮಾಡಲು ಇದಕ್ಕಿಂತ ಸುಲಭ ಉಪಾಯ ನನಗೆ ಇಂದಿಗೂ ಗೊತ್ತಿಲ್ಲ. ಈಗಿನ ಮೇಷ್ಟ್ರುಗಳು ಮಾಡಿ ನೋಡಬಹುದು.

ಎರಡನೆಯ ವಾರದಿಂದ ಆಕೆ ಪುಸ್ತಕ ಮುಟ್ಟಲಿಲ್ಲ. ಶ್ರೀನಿವಾಸಪುರದ ಬಸ್ ನಿಲ್ದಾಣಕ್ಕೆ ಹೋಗಿ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬರೆದುಕೊಂಡು ಬಂದರು. ಕೋಲಾರ, ಮುಳಬಾಗಿಲು, ಚಿಂತಾಮಣಿ, ಮದನಪಲ್ಲಿ ಬಸ್ಸುಗಳ ಸಮಯವನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಹಾಕಿದರು. ಹತ್ತು ಗಂಟೆಗೆ ಕೋಲಾರದ ಆಸ್ಪತ್ರೆಯಲ್ಲಿರಬೇಕು, ಮೊದಲ ಬಸ್ಸು ತಪ್ಪಿತು, ಮುಂದಿನದು ಯಾವುದು, ಸಾಕಾಗುತ್ತದೆಯೇ? ಹೀಗೆ ಪ್ರಶ್ನೆ. ಉತ್ತರ ಇಂಗ್ಲಿಷಿನಲ್ಲಿ ಬರಬೇಕು, ಎರಡು ಮಾತಾದರೂ ಸರಿ. ಮಕ್ಕಳಿಗೆ ಬಸ್ಸಿನ ವಿಷಯ ನನಗಿಂತ ಚೆನ್ನಾಗಿ ಗೊತ್ತು. 'ನೋ ಅಕ್ಕ, ದಟ್ ಬಸ್ ಲೇಟ್, ಡೈಲಿ ಲೇಟ್' ಎಂದು ಒಬ್ಬ ಜಗಳಕ್ಕೇ ನಿಂತ. ಅದು ನಾನು ಆ ಹುಡುಗನ ಬಾಯಿಂದ ಕೇಳಿದ ಮೊದಲ ಸ್ವಂತ ಇಂಗ್ಲಿಷ್ ವಾಕ್ಯ. ಅದರಲ್ಲಿ ಕ್ರಿಯಾಪದವೇ ಇರಲಿಲ್ಲ.

ಈ ರೀತಿಯ ಪಾಠ ನನಗೆ ಪೂರ್ತಿ ಹೊಸದಾಗಿರಬಾರದಿತ್ತು. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ನಾನು ಒಂದು ತಿಂಗಳ ತರಬೇತಿ ಪಡೆದಿದ್ದೆ. ಅಲ್ಲಿ ಎನ್.ಎಸ್. ಪ್ರಭು ಎಂಬುವರ ಹೆಸರು ಕೇಳಿದ್ದೆ. ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ವ್ಯಾಕರಣವನ್ನು ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕ ಇವುಗಳನ್ನು ಬಿಡಿಸುವ ಮೂಲಕ ಇಂಗ್ಲಿಷ್ ಕಲಿಸಿ ನೋಡಿದವರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ಭಾಷೆಯ ರಚನೆ ಒಳಗೆ ತಾನಾಗಿ ಕೂಡುತ್ತದೆ ಎಂಬುದು ಅವರ ವಾದ. ಪ್ರಪಂಚದಾದ್ಯಂತ ಭಾಷಾ ಬೋಧಕರು 'ಬೆಂಗಳೂರು ಪ್ರಾಜೆಕ್ಟ್' ಎಂದು ಅದರ ಬಗ್ಗೆ ಓದಿದರು. ನಾನು ನೋಟ್ಸ್ ಬರೆದುಕೊಂಡು ಬಂದು ಪೆಟ್ಟಿಗೆಯಲ್ಲಿಟ್ಟೆ. ಹೊರದೇಶದಲ್ಲಿ ಬೆಳೆದ ಹುಡುಗಿಗೆ ಪ್ರಭು ಯಾರೆಂದು ಗೊತ್ತಿರಲಿಲ್ಲ. ಪುಸ್ತಕದ ಪದ್ಯಗಳು ಅವಳಿಗೇ ಬೇಸರವಾಗಿದ್ದವು, ಅಷ್ಟೆ.

ಉಚ್ಚಾರಣೆಯಲ್ಲಿ ಆಕೆ ಹಿಡಿದದ್ದು ಒಂದೇ ಒಂದು ವಿಷಯ. ನಮ್ಮ ಕನ್ನಡ ತೆಲುಗು ಎರಡರಲ್ಲೂ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದ ಬಂದ ಇಂಗ್ಲಿಷ್ ಪದಕ್ಕೆಲ್ಲ ನಾವು ಒಂದು 'ಉ' ಅಂಟಿಸಿ ಮನೆಯೊಳಗೆ ಕರೆದುಕೊಳ್ಳುತ್ತೇವೆ: ಬಸ್ಸು, ಪೆನ್ನು, ಬುಕ್ಕು, ಲೈಟು. ಇಂಗ್ಲಿಷಿನಲ್ಲಿ ಮಾತನಾಡುವಾಗಲೂ ಆ 'ಉ' ಹಿಂದೆಯೇ ಬರುತ್ತದೆ. ಆಕೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪು 'ಬಸ್ಸು' ಎಂದರೆ ಇನ್ನೊಂದು ಗುಂಪು ಬಾಯಿ ಟಕ್ಕನೆ ಮುಚ್ಚಿ 'ಬಸ್' ಎನ್ನಬೇಕು ಎಂದು ಆಟ ಕಟ್ಟಿದರು. 'ಎಗ್' ಎನ್ನುವ ಕಡೆ 'ಯೆಗ್ಗು' ಎನ್ನುವುದನ್ನೂ ಇದೇ ಆಟದಲ್ಲಿ ಸೇರಿಸಿದರು. ಉಳಿದ ತಪ್ಪುಗಳನ್ನು ಬಿಟ್ಟುಬಿಟ್ಟರು. ಅರ್ಥವಾದರೆ ಸಾಕು ಎನ್ನುತ್ತಿದ್ದರು.

ಮೇ ನಡುವಿಗೆ ಮಾವಿನ ಸುಗ್ಗಿ ಏರಿತು. ಶ್ರೀನಿವಾಸಪುರ ಎಂದರೆ ಮಾವು ಎನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಬಾದಾಮಿ, ರಸಪುರಿ ಮೊದಲು. ಆಮೇಲೆ ತೋತಾಪುರಿ, ನೀಲಂ. ಕಾಯಿ ಕೀಳುವುದಕ್ಕೆ, ಬುಟ್ಟಿ ಹೊರುವುದಕ್ಕೆ, ಮಂಡಿಯಲ್ಲಿ ವಿಂಗಡಿಸುವುದಕ್ಕೆ ಮನೆಯ ಕೈಗಳೆಲ್ಲ ಬೇಕು. ಹಾಜರಿ ನಲವತ್ತೊಂದರಿಂದ ಹದಿನೇಳಕ್ಕೆ ಇಳಿಯಿತು. ಅಕ್ಕನಿಗೆ ಅಳು ಬಂತು. ತನ್ನ ಪಾಠ ಮಕ್ಕಳಿಗೆ ಬೇಡವಾಯಿತು ಎಂದುಕೊಂಡಿದ್ದರು. ಇಳಿದುಕೊಂಡಿದ್ದ ಮನೆಯ ಅಜ್ಜಿ ಅವರನ್ನು ತೋಪಿಗೆ ಕರೆದುಕೊಂಡು ಹೋಗಿ ತೋರಿಸಿದ ಮೇಲೆ ಸಮಾಧಾನವಾಯಿತು. ಮರುದಿನದಿಂದ ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೋಪಿನಲ್ಲೇ ಅರ್ಧ ಗಂಟೆ ಪಾಠ. ತೂಕ, ದರ, ಕಡಿಮೆ, ಜಾಸ್ತಿ, ಹಣ್ಣು, ಕಾಯಿ. ಒಂದು ಹುಡುಗಿ ಹಣ್ಣಿನ ವ್ಯಾಪಾರಿಯಾಗಿ ಅಕ್ಕನಿಗೇ ಇಂಗ್ಲಿಷಿನಲ್ಲಿ ತೋತಾಪುರಿ ಮಾರಿದಳಂತೆ, ಕಿಲೋಗೆ ಒಂದು ರೂಪಾಯಿ ಹೆಚ್ಚಿಗೆ ಸೇರಿಸಿ.

ಶಾಲೆ ಮತ್ತೆ ತೆರೆಯುವ ಮುಂಚೆ ಅಕ್ಕ ಹೊರಟುಹೋದರು. ಜೂನ್ ಮೊದಲ ವಾರದಲ್ಲಿ ಮಕ್ಕಳು ನನ್ನ ಹತ್ತಿರ ಬಂದು, 'ಸಾರ್, ಅಕ್ಕನಿಗೆ ಕಾಗದ ಬರೀತೀವಿ' ಎಂದರು. ನಾನು ಒಪ್ಪಿದೆ. ಬರೆದು ತನ್ನಿ, ತಿದ್ದಿ ಕೊಡುತ್ತೇನೆ, ಆಮೇಲೆ ಚೆನ್ನಾಗಿ ನಕಲು ಮಾಡಿ ಎಂದೆ. ಕಾಗದ ಬರೆಯುವುದನ್ನು ನಾವು ಆಗಲೂ ಕಲಿಸುತ್ತಿದ್ದೆವು, ಈಗಲೂ ಕಲಿಸುತ್ತೇವೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಚಿತ. ಮುಖ್ಯೋಪಾಧ್ಯಾಯರಿಗೆ ರಜೆಯ ಅರ್ಜಿ, ಸ್ನೇಹಿತನಿಗೆ ಪ್ರವಾಸದ ಕಾಗದ. ಎರಡನ್ನೂ ಮಕ್ಕಳು ಉರು ಹೊಡೆದಿದ್ದರು. ಆದ್ದರಿಂದಲೇ ಕರಡಿನ ಮೊದಲ ಸಾಲು 'ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್' ಎಂದಿದೆ, ಮೇಲೆ ಸಬ್ಜೆಕ್ಟ್ ಎಂಬುದೇ ಇಲ್ಲ. ಎರಡನೆಯ ಸಾಲು 'ಐ ಆಮ್ ಸಫರಿಂಗ್ ಫ್ರಮ್' ಎಂದು ಶುರುವಾಗಿ ಅಲ್ಲಿಗೇ ನಿಂತಿದೆ. ರಜೆ ಅರ್ಜಿಯ ಜ್ವರ ಇಲ್ಲಿ ಹೇಗೆ ಬರಬೇಕು ಎಂದು ಯಾರಿಗೋ ಅನುಮಾನ ಬಂದು ಪೆನ್ನು ಎತ್ತಿದ್ದಾರೆ. ಆ ಎರಡು ಸಾಲನ್ನು ಅವರೇ ಹೊಡೆದುಹಾಕಿ, ಕೆಳಗೆ ಹೊಸದಾಗಿ ಶುರುಮಾಡಿದ್ದಾರೆ. ಕಾಗದದ ನಿಜವಾದ ಹುಟ್ಟು ಅಲ್ಲಿ.

ಹೊಸ ಆರಂಭ 'ರೆಸ್ಪೆಕ್ಟೆಡ್ ಅಕ್ಕ' ಎಂದು. ನಾನು ಅಕ್ಕನನ್ನು ಹೊಡೆದು 'ಮೇಡಂ' ಮಾಡಿದ್ದೇನೆ.

ಮುಂದಿನ ಸಾಲು ಹೀಗಿದೆ: 'ಬಿಫೋರ್ ಇಂಗ್ಲಿಷ್ ಈಸ್ ನಾಟ್ ಕಮಿಂಗ್ ಟು ಅಸ್. ನೌ ಇಟ್ ಈಸ್ ಕಮಿಂಗ್ ಲಿಟ್ಲ್ ಲಿಟ್ಲ್.' ನಾನು ಕೆಂಪು ಗೆರೆ ಎಳೆದು, ನಮಗೆ ಮೊದಲು ಇಂಗ್ಲಿಷ್ ತಿಳಿದಿರಲಿಲ್ಲ, ಈಗ ಸ್ವಲ್ಪ ತಿಳಿದಿದೆ ಎಂಬ ಅರ್ಥದ ಸರಿಯಾದ ಇಂಗ್ಲಿಷ್ ವಾಕ್ಯ ಬರೆದಿದ್ದೇನೆ. ವ್ಯಾಕರಣಕ್ಕೆ ನನ್ನದೇ ಸರಿ. ಆದರೆ ನಮ್ಮಲ್ಲಿ ಭಾಷೆಯನ್ನು ಯಾರೂ 'ತಿಳಿಯುವುದಿಲ್ಲ', ಅದು 'ಬರುತ್ತದೆ'. 'ನನಗೆ ಇಂಗ್ಲಿಷ್ ಬರಲ್ಲ' ಎನ್ನುತ್ತೇವೆ. ಮನೆಯಲ್ಲಿ 'ನಾಕು ರಾದು' ಎನ್ನುತ್ತಾರೆ. ಎರಡೂ ಕಡೆ ಒಂದೇ ಕಟ್ಟು: ಮನುಷ್ಯ ನಿಂತಿರುತ್ತಾನೆ, ಭಾಷೆ ನಡೆದು ಬರುತ್ತದೆ. ತೆಲುಗಿನಿಂದ ಕನ್ನಡಕ್ಕೆ ದಾಟುವಾಗ ಆ ಕಟ್ಟು ಒಡೆಯಲಿಲ್ಲ, ಇಂಗ್ಲಿಷಿಗೂ ಹಾಗೇ ದಾಟಿತು. 'ಲಿಟ್ಲ್ ಲಿಟ್ಲ್' ಎಂಬುದು 'ಸ್ವಲ್ಪ ಸ್ವಲ್ಪ', 'ಕೊಂಚೆಂ ಕೊಂಚೆಂ'. ಒಂದೇ ಸಲ ಹೇಳಿದರೆ ಪ್ರಮಾಣ ಮಾತ್ರ ತಿಳಿಯುತ್ತದೆ. ಎರಡು ಸಲ ಹೇಳಿದರೆ ಇನ್ನೂ ಬರುತ್ತಾ ಇದೆ ಎಂದು ತಿಳಿಯುತ್ತದೆ. ನನ್ನ ತಿದ್ದುಪಡಿಯಲ್ಲಿ ಆ ಬರುವಿಕೆ ನಿಂತುಹೋಗಿದೆ. ಇದು ತಪ್ಪು ಎಂದು ಹೇಳಿಕೊಡಲೇಬೇಕು, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಪರೀಕ್ಷೆಯ ಹಾಳೆಯಲ್ಲಿ ಇದಕ್ಕೆ ಅಂಕ ಹೋಗುತ್ತದೆ. ಆದರೆ ಇದು ಪರೀಕ್ಷೆಯ ಹಾಳೆಯಾಗಿರಲಿಲ್ಲ.

ಮೂರನೆಯ ಸಾಲು ಕ್ಷಮೆ: 'ಮ್ಯಾಂಗೋ ಟೈಮ್ ವಿ ಡಿಡ್ ನಾಟ್ ಕೇಮ್. ಡೋಂಟ್ ಫೀಲ್.' ಬೇಸರ ಮಾಡಿಕೊಳ್ಳಬೇಡಿ ಎನ್ನುವುದಕ್ಕೆ ನಮ್ಮ ಕಡೆ 'ಫೀಲ್ ಆಗಬೇಡಿ' ಎನ್ನುತ್ತೇವಲ್ಲ, ಅದೇ. ಅಕ್ಕ ಅತ್ತದ್ದು ಮಕ್ಕಳಿಗೆ ಗೊತ್ತಾಗಿತ್ತು ಎಂಬುದು ನನಗೆ ಗೊತ್ತಾದದ್ದು ಈ ಸಾಲಿನಿಂದ.

ನಾಲ್ಕನೆಯ ಸಾಲನ್ನು ನಾನು ತಿದ್ದಿಲ್ಲ. ಇಡಿಯಾಗಿ ಹೊಡೆದುಹಾಕಿದ್ದೇನೆ, ಮೂರು ಗೆರೆ ಎಳೆದು. ಆದರೂ ಓದಬಹುದು: 'ಯು ಆಸ್ಕ್ ಕ್ವೆಶ್ಚನ್ ಅಂಡ್ ಯು ವೇಟ್. ನೋಬಡಿ ವೇಟ್.'

ನೀವು ಪ್ರಶ್ನೆ ಕೇಳಿ ಕಾಯುತ್ತಿದ್ದಿರಿ. ಯಾರೂ ಕಾಯುವುದಿಲ್ಲ.

ಆ ದಿನ ನನಗೆ ಚುಚ್ಚಿತು. ಹದಿನೈದು ವರ್ಷ ದುಡಿದವನು ನಾನು, ಆರು ವಾರ ಬಂದುಹೋದವಳಿಗೆ ಹೊಗಳಿಕೆ. ಶಾಲೆಯ ಮರ್ಯಾದೆಯ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳನ್ನು ಬೈಯಲಿಲ್ಲ, ಗೆರೆ ಎಳೆದು ಕೊಟ್ಟೆ. ಅವರೂ ಏನೂ ಹೇಳಲಿಲ್ಲ.

ಬಹಳ ವರ್ಷಗಳ ನಂತರ ಒಂದು ತರಬೇತಿಯಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿಯ ವಿಷಯ ಹೇಳಿದರು. ಅವರು ತರಗತಿಗಳ ಧ್ವನಿಮುದ್ರಣ ಕೇಳಿ ಅಳತೆ ಮಾಡಿದವರು. ಮೇಷ್ಟ್ರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು. ಅದರೊಳಗೆ ಉತ್ತರ ಬರದಿದ್ದರೆ ಇನ್ನೊಬ್ಬನನ್ನು ಎಬ್ಬಿಸುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಬಿಡುತ್ತಾರೆ. ಅದು ಒಂದೇ ಭಾಷೆಯ ಮಕ್ಕಳ ಲೆಕ್ಕ. ನಮ್ಮ ಮಗು ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಕನ್ನಡದಿಂದ ಮನೆಮಾತಿಗೆ ತಂದು, ಅಲ್ಲಿ ಉತ್ತರ ಯೋಚಿಸಿ, ಮತ್ತೆ ಎರಡು ಹೊಳೆ ದಾಟಿ ಬರಬೇಕು. ಒಂದು ಸೆಕೆಂಡಿನಲ್ಲಿ ಅದು ಮೊದಲ ಹೊಳೆಯ ದಡದಲ್ಲೇ ಇರುತ್ತದೆ. ಆ ರಾತ್ರಿ ನಾನು ಮನೆಯಲ್ಲಿ ಗಡಿಯಾರದ ಮುಳ್ಳು ನೋಡಿಕೊಂಡು ಮೂರು ಸೆಕೆಂಡು ಎಷ್ಟು ಎಂದು ಎಣಿಸಿದೆ. ಬೋರ್ಡಿನ ಮುಂದೆ ನಿಂತವನಿಗೆ ಅದು ಬಹಳ ಉದ್ದ. ಕೊನೆಯ ನಾಲ್ಕೈದು ವರ್ಷ ಪ್ರಶ್ನೆ ಕೇಳಿದ ಮೇಲೆ ಚಾಕ್‌ಪೀಸನ್ನು ಡಬ್ಬಿಯಲ್ಲಿಟ್ಟು, ಕೈ ಒರೆಸಿಕೊಂಡು, ಆಮೇಲೆ ತಲೆ ಎತ್ತುವ ಅಭ್ಯಾಸ ಮಾಡಿಕೊಂಡೆ. ಕಾಯಲು ನನಗೆ ಅಷ್ಟು ನೆಪ ಬೇಕಾಗಿತ್ತು.

ಅಕ್ಕನ ಬೇಸಿಗೆಯಿಂದ ಪವಾಡವೇನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ಆ ತಂಡ ಎಸ್ಸೆಸ್ಸೆಲ್ಸಿ ಬರೆದಾಗ ಇಂಗ್ಲಿಷಿನಲ್ಲಿ ಫೇಲಾದವರೂ ಇದ್ದರು. 'ಡೈಲಿ ಲೇಟ್' ಎಂದು ಜಗಳವಾಡಿದ ಹುಡುಗನೇ ಅದರಲ್ಲಿ ಒಬ್ಬ. ಪರೀಕ್ಷೆ ಕೇಳುವುದು ಕಾಗುಣಿತ, ವ್ಯಾಕರಣ, ಪಾಠದ ಪ್ರಶ್ನೋತ್ತರ. ಆರು ವಾರದ ಮಾತು ಅದಕ್ಕೆ ಉಪಯೋಗಕ್ಕೆ ಬರಲಿಲ್ಲ. ತೋಪಿಗೆ ಹೋಗಿ ನಿಂತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಅವರಿಗೆ ಸಿಕ್ಕಿದ್ದು ದಿನಕ್ಕೆ ಅರ್ಧ ಗಂಟೆ. ಮರು ವರ್ಷ ಯಾರೂ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಚರಿತ್ರೆಯ ಕೆಲಸವಲ್ಲ. ಜಗಳದ ಹುಡುಗ ಎರಡನೆಯ ಸಲಕ್ಕೆ ಪಾಸಾದ, ಐ.ಟಿ.ಐ. ಮಾಡಿದ, ಈಗ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿನ ಮೇಲ್ವಿಚಾರಕ. ಹೊರ ರಾಜ್ಯದ ಎಂಜಿನಿಯರುಗಳ ಜೊತೆ ಇಂಗ್ಲಿಷಿನಲ್ಲೇ ಮಾತಂತೆ. 'ಕ್ರಿಯಾಪದ ಹಾಕ್ತೀಯೇನಪ್ಪಾ?' ಎಂದು ಕೇಳಿದೆ. 'ಟೈಮ್ ಇದ್ರೆ ಹಾಕ್ತೀನಿ ಸಾರ್' ಎಂದ.

ಪ್ರದರ್ಶನಕ್ಕಾಗಿ ಆ ಕರಡನ್ನು ಅವನಿಗೆ ತೋರಿಸಿದೆ. ಸಹಿಗಳನ್ನು ಒಂದೊಂದಾಗಿ ಗುರುತಿಸಿದ. ಮೂವತ್ತಮೂರು ಸಹಿ, ಕನ್ನಡದಲ್ಲಿ ಹೆಚ್ಚು, ಇಂಗ್ಲಿಷಿನಲ್ಲಿ ಕೆಲವು, ಒಂದು ಉರ್ದುವಿನಲ್ಲಿ. ಆಮೇಲೆ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ನಕ್ಕ.

'ಇದು ಹೋಯ್ತು ಸಾರ್' ಎಂದ.

'ನಾನು ಹೊಡೆದುಹಾಕಿದ್ದೆನಲ್ಲೋ?'

'ನೀವು ಹೊಡೆದುಹಾಕಿದ್ರಿ. ನಾವು ನಕಲಲ್ಲಿ ಹಾಕ್ಲಿಲ್ಲ. ಕವರ್ ಅಂಟಿಸೋ ಮುಂಚೆ ಹಿಂದ್ಗಡೆ ಬರೆದ್ವಿ. ಅಕ್ಕ ಅಂತಾನೂ ಬರೆದ್ವಿ.'

ಅಕ್ಕ ಉತ್ತರ ಬರೆದಿದ್ದರು ಎಂಬುದೂ ನನಗೆ ಆ ದಿನವೇ ತಿಳಿಯಿತು. ಶಾಲೆಯ ವಿಳಾಸಕ್ಕಲ್ಲ, ತಾವು ಇಳಿದುಕೊಂಡಿದ್ದ ಮನೆಯ ಅಜ್ಜಿಯ ಹೆಸರಿಗೆ. ಕನ್ನಡದಲ್ಲಿ ಬರೆದಿದ್ದರಂತೆ, ಒತ್ತಕ್ಷರಗಳೆಲ್ಲ ತಪ್ಪು. ಮಕ್ಕಳು ಅದನ್ನು ಓದಿ ಬಿದ್ದು ಬಿದ್ದು ನಕ್ಕರಂತೆ, ಕೆಂಪು ಪೆನ್ನು ಹಿಡಿದು ತಿದ್ದಿದರಂತೆ. ಅದರಲ್ಲಿ ಹಿಂದುಗಡೆಯ ಸಾಲಿಗೆ ಉತ್ತರವಿತ್ತು. ತಾನು ಕಾದದ್ದು ಪಾಠದ ವಿಧಾನವೇನೂ ಅಲ್ಲ, ಮಕ್ಕಳು ತೆಲುಗಿನಲ್ಲಿ ಪಿಸುಗುಟ್ಟಿಕೊಳ್ಳುವುದು ತನಗೆ ತಿಳಿಯುತ್ತಿರಲಿಲ್ಲ, ಮುಂದೆ ಏನು ಹೇಳಬೇಕೆಂದು ಕನ್ನಡದಲ್ಲಿ ಮಾತು ಹುಡುಕುತ್ತಾ ನಿಂತಿರುತ್ತಿದ್ದೆ, ಅಷ್ಟರಲ್ಲಿ ನೀವೇ ಉತ್ತರ ಹೇಳಿಬಿಡುತ್ತಿದ್ದಿರಿ ಎಂದು.

ಅಜ್ಜಿ ತೀರಿಕೊಂಡು ಹತ್ತು ವರ್ಷವಾಯಿತು. ಆ ಕಾಗದ ಒಬ್ಬರಿಂದ ಒಬ್ಬರಿಗೆ ಹೋಗಿ, ಕೊನೆಗೆ ಮುಳಬಾಗಿಲಿಗೆ ಮದುವೆಯಾಗಿ ಹೋದ ಒಬ್ಬ ಹುಡುಗಿಯ ಟ್ರಂಕಿನಲ್ಲಿದೆ ಎಂದು ಒಬ್ಬರು, ಇಲ್ಲ, ಚಿಂತಾಮಣಿಯಲ್ಲಿರುವ ಅವಳ ಅಣ್ಣನ ಹತ್ತಿರ ಇದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಹತ್ತಿರವೇ ಇರಲಿ, ಮೂಲವನ್ನು ಇಟ್ಟುಕೊಂಡು ಒಂದು ಜೆರಾಕ್ಸ್ ಪ್ರತಿಯನ್ನು ಶಾಲೆಗೆ ತಲುಪಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕರಡನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಗ್ರಂಥಾಲಯದ ಗಾಜಿನ ಬೀರುವಿನಲ್ಲಿಟ್ಟಿದ್ದೇವೆ. ಪಕ್ಕದಲ್ಲಿ ಅಷ್ಟೇ ಅಗಲದ ಜಾಗ ಬಿಟ್ಟಿದೆ.